ಅಂಗಡಿಯಲ್ಲಿ ಉಳಿದ ರೊಕ್ಕ ಎಲ್ಲಿಡಬೇಕು: ಠೇವಣಿನಾ, ಷೇರಾ, ಕ್ರಿಪ್ಟೊನಾ?

ತೊಗರಿ ಸುಗ್ಗಿ ಮುಗಿದು ಗಂಜ್‌ನಲ್ಲಿ ವ್ಯಾಪಾರ ತಣ್ಣಗಾಗುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಅಣ್ಣಾ, ಖಾತೆದಾಗ ರೊಕ್ಕ ಸುಮ್ನೆ ಬಿದ್ದದ, ಎಲ್ಲಿ ಹಾಕ್ಲಿ? ಎಫ್‌ಡಿ ಮಾಡ್ಲೋ, ಷೇರು ತಗೊಳ್ಲೋ, ಬಿಟ್‌ಕಾಯಿನ್ ತಗೊಳ್ಲೋ?" ಕೇಳುವವರು ಹೆಚ್ಚಾಗಿ ಸಣ್ಣ ಅಂಗಡಿಯವರು. ಗೊಬ್ಬರ ಮತ್ತು ಬೀಜದ ಅಂಗಡಿ, ಹಾರ್ಡ್‌ವೇರ್, ಕಿರಾಣಿ, ಸಣ್ಣ ದಾಲ್ ಮಿಲ್ ಇರುವವರು. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಮೂರರಲ್ಲಿ ಯಾವುದು ಒಳ್ಳೆಯದು ಅನ್ನುವುದು ಎರಡನೇ ಪ್ರಶ್ನೆ. ಆ ರೊಕ್ಕ ನಿಮಗೆ ಮತ್ತೆ ಯಾವ ತಾರೀಖಿಗೆ ಬೇಕು ಅನ್ನುವುದು ಮೊದಲನೆಯದು. ತಾರೀಖು ಗೊತ್ತಾದರೆ ಉತ್ತರ ಮುಕ್ಕಾಲು ಪಾಲು ತಾನೇ ಬರುತ್ತದೆ.

ಕೈಯಲ್ಲಿ ಏನೇನು ಇಟ್ಟುಕೊಂಡು ಕೂರಬೇಕು

ಕರೆಂಟ್ ಖಾತೆಯ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್, ಸಿಸಿ ಸಾಲ ಇದ್ದರೆ ಅದರದ್ದೂ, ಉದ್ರಿ ಪುಸ್ತಕ, ಹೋಲ್‌ಸೇಲ್‌ನವರಿಗೆ ಕೊಡಬೇಕಾದ ಬಿಲ್ಲುಗಳು. ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್: ಬ್ಯಾಂಕು ನಿಮ್ಮ ಸರಕಿನ ಮೇಲೆ ಒಂದು ಮಿತಿ ಹಾಕಿಕೊಡುತ್ತದೆ, ಬೇಕಾದಾಗ ತೆಗೆಯಬಹುದು, ಬಂದಾಗ ಕಟ್ಟಬಹುದು, ತೆಗೆದಷ್ಟಕ್ಕೆ ಮಾತ್ರ ದಿನದ ಲೆಕ್ಕದಲ್ಲಿ ಬಡ್ಡಿ. ಇಷ್ಟು ಸಾಕು. ಆ್ಯಪ್ ಯಾವುದೂ ಈಗಲೇ ಬೇಡ.

1. ಪ್ರತಿ ರೂಪಾಯಿಗೂ ಒಂದು ತಾರೀಖು ಬರೆಯಿರಿ

ಒಂದು ಲೆಕ್ಕ ಹಿಡಿದೇ ಹೋಗೋಣ. ಜೇವರ್ಗಿ ಕಡೆಯ ಒಂದು ಬೀಜ, ಗೊಬ್ಬರದ ಅಂಗಡಿ ಅಂದುಕೊಳ್ಳಿ. ಒಬ್ಬರೇ ಮಾಲೀಕರು. ಜನವರಿ, ಫೆಬ್ರವರಿಯಲ್ಲಿ ರೈತರು ತೊಗರಿ ಮಾರಿ ಉದ್ರಿ ತೀರಿಸಿದ್ದಾರೆ. ಫೆಬ್ರವರಿ ಮಧ್ಯಕ್ಕೆ ಕರೆಂಟ್ ಖಾತೆಯಲ್ಲಿ 12 ಲಕ್ಷ ಇದೆ. ಕರೆಂಟ್ ಖಾತೆಗೆ ಬಡ್ಡಿ ಬರುವುದಿಲ್ಲ, ಹಾಗಾಗಿ ಮಾಲೀಕರಿಗೆ ಕಸಿವಿಸಿ. ಸಹಜ ಬಿಡಿ.

ಈಗ ಹಾಳೆ ತೆಗೆದು ಬರೆಯುತ್ತಾ ಹೋಗಿ. ಹೋಲ್‌ಸೇಲ್‌ನವರಿಗೆ ಹಳೇ ಬಾಕಿ 1.4 ಲಕ್ಷ, ಮಾರ್ಚ್ ಮೊದಲ ವಾರದೊಳಗೆ. ಮುಂಗಡ ತೆರಿಗೆ 60 ಸಾವಿರ, ಮಾರ್ಚ್ 15ರೊಳಗೆ. ಇವೆರಡು ಹೋದರೆ 10 ಲಕ್ಷ. ಸಿಸಿಯಲ್ಲಿ 2 ಲಕ್ಷ ತೆಗೆದು ಬಳಸಿದ್ದಾರೆ, ಅದು ಸಾಲ. ಕಳೆದರೆ 8. ಮಾರ್ಚ್‌ನಿಂದ ಮೇವರೆಗೆ ವ್ಯಾಪಾರ ಕಮ್ಮಿ, ಆದರೆ ಬಾಡಿಗೆ, ಹುಡುಗರ ಪಗಾರ, ಕರೆಂಟು, ಮನೆಖರ್ಚು ನಿಲ್ಲುವುದಿಲ್ಲ. ತಿಂಗಳಿಗೆ 50 ಸಾವಿರದಂತೆ 1.5 ಲಕ್ಷ. ಉಳಿದದ್ದು 6.5. ಇನ್ನು ಮೇ ಮಧ್ಯಕ್ಕೆ ಮುಂಗಾರಿನ ಬೀಜ, ಗೊಬ್ಬರ ತುಂಬಿಸಬೇಕು, ಅದಕ್ಕೆ 4.5 ಲಕ್ಷ.

ಉಳಿದದ್ದು 2 ಲಕ್ಷ. ಹನ್ನೆರಡಲ್ಲ.

ಇಲ್ಲೇ ಜಾಸ್ತಿ ಜನ ಎಡವುವುದು. ಖಾತೆಯ ಬ್ಯಾಲೆನ್ಸ್ ನೋಡಿ "ನನ್ನ ಹತ್ತಿರ 12 ಲಕ್ಷ ಇದೆ" ಅಂದುಕೊಂಡು ಅದರಲ್ಲಿ 5 ಲಕ್ಷ ಎಲ್ಲೋ ಹಾಕಿಬಿಡುತ್ತಾರೆ, ಮೇ ತಿಂಗಳಲ್ಲಿ ಸರಕಿಗೆ ರೊಕ್ಕ ಇಲ್ಲದೆ ಕೈಸಾಲಕ್ಕೆ ಹೋಗುತ್ತಾರೆ, ಆ ಕೈಸಾಲದ ಬಡ್ಡಿ ಯಾವ ಷೇರಿನ ಲಾಭಕ್ಕಿಂತಲೂ ಜಾಸ್ತಿ ಇರುತ್ತದೆ.

ನಿಮ್ಮ ಊರಿನ ಬೆಳೆಗೆ ತಕ್ಕ ಹಾಗೆ ತಾರೀಖು ಬದಲಾಗುತ್ತದೆ. ಬೀದರ್ ಕಡೆ ಸೋಯಾ ಅಕ್ಟೋಬರ್ ಹೊತ್ತಿಗೇ ಮಾರ್ಕೆಟ್ಟಿಗೆ ಬರುತ್ತದೆ, ಯಾದಗಿರಿಯಲ್ಲಿ ಹತ್ತಿ ಮತ್ತು ಭತ್ತದ ರೊಕ್ಕ ಬೇರೆ ಹೊತ್ತಿಗೆ ತಿರುಗುತ್ತದೆ. ಹಾಗಾಗಿ ಬೇರೆಯವರ ಲೆಕ್ಕ ನಕಲು ಮಾಡಬೇಡಿ. ನಿಮ್ಮ 12 ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಬ್ಯಾಲೆನ್ಸ್ ಅತಿ ಕೆಳಗೆ ಹೋದ ದಿನ ಯಾವುದು, ಆವತ್ತು ಎಷ್ಟಿತ್ತು ಎಂದು ಹುಡುಕಿ. ಆ ದಿನವನ್ನು ದಾಟಿಯೂ ಉಳಿಯುವ ರೊಕ್ಕವೇ ನಿಜವಾಗಿ ಖಾಲಿ ರೊಕ್ಕ.

ಉದ್ರಿ ಪುಸ್ತಕದಲ್ಲಿ ಬರಬೇಕಾದ್ದು 3 ಲಕ್ಷ ಇದೆ, ಅದನ್ನೂ ಸೇರಿಸಲಾ ಅಂತ ಕೇಳುತ್ತಾರೆ. ಬೇಡ. ಬಂದ ಮೇಲೆ ಸೇರಿಸಿ.

2. ಠೇವಣಿಗೂ ಮೊದಲು ಸಾಲ ನೋಡಿ

"ಸಿಸಿ ಸಾಲ ಇದ್ದರೂ ಪರವಾಗಿಲ್ಲ, ಎಫ್‌ಡಿ ಬೇರೆ ಇರಲಿ, ಕಷ್ಟಕ್ಕೆ ಆಗುತ್ತದೆ" ಅನ್ನುವವರು ಬಹಳ. ಲೆಕ್ಕ ಹಾಕಿ ನೋಡೋಣ.

ನಮ್ಮ ಉದಾಹರಣೆಯಲ್ಲಿ ಸಿಸಿಗೆ 10.5 ಪರ್ಸೆಂಟ್ ಬಡ್ಡಿ ಎಂದು ಹಿಡಿಯಿರಿ. 2 ಲಕ್ಷ ಕಟ್ಟಿಬಿಟ್ಟರೆ 90 ದಿನಕ್ಕೆ ಸುಮಾರು 5,180 ರೂಪಾಯಿ ಬಡ್ಡಿ ಉಳಿಯುತ್ತದೆ. ಮೇ ಸರಕಿನ 4.5 ಲಕ್ಷವನ್ನು 90 ದಿನದ ಎಫ್‌ಡಿಯಲ್ಲಿ 5 ಪರ್ಸೆಂಟಿಗೆ ಇಟ್ಟರೆ ಬರುವುದು ಸುಮಾರು 5,550, ಅದರ ಮೇಲೆ ತೆರಿಗೆ ಬೇರೆ. ಅಂದರೆ ಸಿಸಿಗೆ ಕಟ್ಟಿದ 2 ಲಕ್ಷ, ಎಫ್‌ಡಿಯಲ್ಲಿಟ್ಟ 4.5 ಲಕ್ಷದಷ್ಟೇ ದುಡಿಯಿತು. ಬೇಕಾದಾಗ ಆ 2 ಲಕ್ಷವನ್ನು ಸಿಸಿಯಿಂದ ಮತ್ತೆ ತೆಗೆಯಬಹುದು, ಮಿತಿ ಎಲ್ಲೂ ಹೋಗುವುದಿಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಮಾತ್ರ ತಪ್ಪದೆ ಕೊಡಿ. ಸರಕು ಕಮ್ಮಿ ತೋರಿಸಿದರೆ ಅಥವಾ ಸ್ಟೇಟ್‌ಮೆಂಟ್ ಕೊಡದಿದ್ದರೆ ಬ್ಯಾಂಕು ತೆಗೆಯಲು ಬಿಡುವ ಮೊತ್ತವನ್ನು ಇಳಿಸುತ್ತದೆ.

ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವವರಿಗೆ, ಅಂದರೆ ವಹಿವಾಟಿನ 8 ಅಥವಾ 6 ಪರ್ಸೆಂಟನ್ನು ಲಾಭ ಎಂದು ತೋರಿಸುವವರಿಗೆ, ಇನ್ನೊಂದು ಅನುಕೂಲ ಇದೆ. ಅವರಿಗೆ ಸಿಸಿ ಬಡ್ಡಿಯನ್ನು ಖರ್ಚು ಎಂದು ಬೇರೆ ಕಳೆಯುವ ಅವಕಾಶ ಹೇಗೂ ಇಲ್ಲ. ಹಾಗಾಗಿ ಉಳಿದ ಬಡ್ಡಿ ಪೂರ್ತಿ ಅವರದ್ದೇ.

ಟರ್ಮ್ ಲೋನ್, ಅಂದರೆ ಕಂತಿನ ಸಾಲ ಇದ್ದರೆ ಮೊದಲೇ ಕಟ್ಟುವುದಕ್ಕೆ ದಂಡ ಇದೆಯಾ ಕೇಳಿಕೊಳ್ಳಿ. ಅದನ್ನು ಒಮ್ಮೆ ಕಟ್ಟಿದರೆ ಸಿಸಿ ತರಹ ವಾಪಸ್ ತೆಗೆಯಲು ಬರುವುದಿಲ್ಲ.

ಇನ್ನೊಂದು ಜಾಗ ಇದೆ, ಯಾರೂ ಅದನ್ನು ಹೂಡಿಕೆ ಅನ್ನುವುದಿಲ್ಲ. ಹೋಲ್‌ಸೇಲ್‌ನವರು ತಿಂಗಳ ಉದ್ರಿ ಬಿಟ್ಟು ನಗದು ಕೊಟ್ಟರೆ 2 ಪರ್ಸೆಂಟ್ ಬಿಡುತ್ತಾರೆ ಎಂದುಕೊಳ್ಳಿ. 4.5 ಲಕ್ಷದ ಸರಕಿಗೆ 9,000 ರೂಪಾಯಿ, ಅದೂ ಒಂದೇ ತಿಂಗಳಿಗೆ. ಮೂರು ತಿಂಗಳ ಎಫ್‌ಡಿ ಕೊಟ್ಟದ್ದಕ್ಕಿಂತ ಜಾಸ್ತಿ. ನಿಮ್ಮ ಸಪ್ಲೈಯರ್ ಎಷ್ಟು ಬಿಡುತ್ತಾರೆ ಕೇಳಿ, ಎಫ್‌ಡಿಯ ತಾರೀಖನ್ನು ಆ ಖರೀದಿಗೆ ಎರಡು ದಿನ ಮುಂಚೆ ಮುಗಿಯುವ ಹಾಗೆ ಹಾಕಿ.

3. ತಾರೀಖು ಇರುವ ರೊಕ್ಕ ಠೇವಣಿಗೆ

ಮೇ ತಿಂಗಳಿಗೆ ಬೇಕಾದ 4.5 ಲಕ್ಷಕ್ಕೆ ಎಫ್‌ಡಿ ಬಿಟ್ಟು ಬೇರೆ ಯೋಚನೆ ಬೇಡ. ಆದರೆ ಎಫ್‌ಡಿಯಲ್ಲೂ ತಪ್ಪು ಮಾಡುವ ಜಾಗಗಳಿವೆ.

*ಒಂದು ವರ್ಷಕ್ಕೆ ಹಾಕಿದರೆ ಬಡ್ಡಿ ಜಾಸ್ತಿ ಅಲ್ವಾ, ಬೇಕಾದಾಗ ಮುರಿದರಾಯಿತು?*

ಬೋರ್ಡಿನ ಮೇಲೆ 6.5 ಇದೆ ಅಂತ ವರ್ಷಕ್ಕೆ ಹಾಕಿ 90ನೇ ದಿನಕ್ಕೆ ಮುರಿದರೆ 6.5 ಸಿಗುವುದಿಲ್ಲ. ನೀವು ಇಟ್ಟ 90 ದಿನಕ್ಕೆ ಏನು ದರ ಇತ್ತೋ ಅದು, ಅದರಲ್ಲಿ ಮತ್ತೆ ಅರ್ಧ ಅಥವಾ ಒಂದು ಪರ್ಸೆಂಟ್ ದಂಡ. 5 ಪರ್ಸೆಂಟ್ ದರ ಇದ್ದರೆ ಕೈಗೆ 4 ಅಥವಾ 4.5 ಬರುತ್ತದೆ. ಬೇಕಾದ ತಾರೀಖು ಗೊತ್ತಿದ್ದರೆ ಅಷ್ಟೇ ದಿನಕ್ಕೆ ಹಾಕಿ. ಬ್ಯಾಂಕಿನಲ್ಲಿ 7 ದಿನದಿಂದಲೇ ಎಫ್‌ಡಿ ಮಾಡಬಹುದು.

4.5 ಲಕ್ಷವನ್ನು ಒಂದೇ ಎಫ್‌ಡಿ ಮಾಡುವುದಕ್ಕಿಂತ 1.5 ಲಕ್ಷದ ಮೂರು ಮಾಡಿ. ನಡುವೆ 1 ಲಕ್ಷ ಬೇಕಾದರೆ ಒಂದನ್ನು ಮಾತ್ರ ಮುರಿಯಬಹುದು. ಹತ್ತು ಹದಿನೈದು ದಿನದ ಮಾತಾದರೆ ಅದನ್ನೂ ಮುರಿಯಬೇಡಿ. ಎಫ್‌ಡಿ ಮೇಲೆ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ ಕೊಡುತ್ತಾರೆ, ಸಾಮಾನ್ಯವಾಗಿ ಎಫ್‌ಡಿಯ ಮೊತ್ತದ 90 ಪರ್ಸೆಂಟ್‌ವರೆಗೆ, ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಮೇಲೆ.

ಎಫ್‌ಡಿ ಫಾರಂನಲ್ಲಿ "ಮುಗಿದ ಮೇಲೆ ಏನು ಮಾಡಬೇಕು" ಅನ್ನುವ ಖಾನೆ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ. ಖಾತೆಗೆ ಜಮಾ ಎಂದು ಬರೆಸಿ, ಇಲ್ಲದಿದ್ದರೆ ಅದೇ ಅವಧಿಗೆ ತಾನೇ ಮುಂದುವರಿಯಬಹುದು, ಆಮೇಲೆ ಮೇನಲ್ಲಿ ಓಡಾಡಬೇಕಾಗುತ್ತದೆ.

*ಸೊಸೈಟಿಯಲ್ಲಿ 10 ಪರ್ಸೆಂಟ್ ಕೊಡುತ್ತಾರಲ್ಲ, ಬ್ಯಾಂಕಿಗೆ ಯಾಕೆ?*

ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ನಮ್ಮ ಕಡೆ ಮೂರು ತರಹದ ಜಾಗಗಳಿವೆ, ಬೋರ್ಡು ನೋಡಿದರೆ ಎಲ್ಲಾ ಒಂದೇ ತರಹ ಕಾಣುತ್ತವೆ. ಒಂದು, ಸರ್ಕಾರಿ ಮತ್ತು ಖಾಸಗಿ ಬ್ಯಾಂಕುಗಳು. ಎರಡು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳು. ಮೂರು, ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಹಕಾರಿಗಳು. ಮೊದಲ ಎರಡಕ್ಕೆ ಡಿಐಸಿಜಿಸಿಯ ಠೇವಣಿ ವಿಮೆ ಇದೆ. ಡಿಐಸಿಜಿಸಿ ಅಂದರೆ ರಿಸರ್ವ್ ಬ್ಯಾಂಕಿನ ಅಡಿಯಲ್ಲಿರುವ ವಿಮಾ ಸಂಸ್ಥೆ, ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಕೊಡುವುದು ಅದೇ. ಮೂರನೆಯದಕ್ಕೆ ಆ ವಿಮೆ ಇಲ್ಲ. ಜಾಸ್ತಿ ಬಡ್ಡಿ ಕೊಡುವುದು ಅಲ್ಲಿ ಜಾಸ್ತಿ ಅಪಾಯ ನೀವೇ ಹೊರುತ್ತೀರಿ ಅಂತಲೇ. ಸಂಘಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿ ನಡೆಯುವವೂ ಇವೆ. ಆದರೆ ಮೇ ತಿಂಗಳ ಸರಕಿನ ರೊಕ್ಕಕ್ಕೆ ಅದು ಜಾಗ ಅಲ್ಲ.

ವಿಮೆಯ ಮಿತಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ, ಅಸಲು ಬಡ್ಡಿ ಸೇರಿ. 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5ಕ್ಕೆ ಏರಿಸಿದರು. ಇಲ್ಲಿ ಅಂಗಡಿಯವರಿಗೆ ಒಂದು ಸೂಕ್ಷ್ಮ ಇದೆ. ನೀವು ಒಬ್ಬರೇ ಮಾಲೀಕರಾದರೆ ಅಂಗಡಿ ಹೆಸರಿನ ಖಾತೆ ಮತ್ತು ನಿಮ್ಮ ಸ್ವಂತ ಹೆಸರಿನ ಖಾತೆ ಎರಡೂ ಸೇರಿಸಿ ಒಂದೇ 5 ಲಕ್ಷ. ಬೇರೆ ಬ್ರಾಂಚಿನಲ್ಲಿ ಇಟ್ಟರೂ ಅಷ್ಟೇ. ಪಾಲುದಾರಿಕೆ ಸಂಸ್ಥೆ ಆದರೆ ಸಂಸ್ಥೆಯದ್ದು ಬೇರೆ, ನಿಮ್ಮದು ಬೇರೆ. ನಮ್ಮ ಉದಾಹರಣೆಯವರ ಹತ್ತಿರ ಸಿಸಿ ಕಟ್ಟಿದ ಮೇಲೆ 8 ಲಕ್ಷ ಉಳಿಯುತ್ತದೆ, ಹಾಗಾಗಿ ಎರಡು ಬ್ಯಾಂಕಿಗೆ ಹಂಚುವುದು ಒಳ್ಳೆಯದು. ಸಹಕಾರಿ ಬ್ಯಾಂಕಾದರೆ ಇದನ್ನು ಮರೆಯಲೇಬೇಡಿ.

ವಿಮೆ ಇದ್ದರೂ ರೊಕ್ಕ ನಾಳೆಯೇ ಸಿಗುತ್ತದೆ ಅಂತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರು 35,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಆಮೇಲೆ 2021ರಲ್ಲಿ ಕಾನೂನು ತಿದ್ದಿ, ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಮೊತ್ತ ಕೊಡಬೇಕು ಎಂದು ಮಾಡಿದರು. ಅದು ಒಳ್ಳೆಯದೇ. ಆದರೆ ಬಿತ್ತನೆ 90 ದಿನ ಕಾಯುವುದಿಲ್ಲ.

ತೆರಿಗೆ ಬಗ್ಗೆ ಇಷ್ಟೇ: ವರ್ಷಕ್ಕೆ ಒಂದು ಬ್ಯಾಂಕಿನಲ್ಲಿ ಬಡ್ಡಿ 50,000 ದಾಟಿದರೆ 10 ಪರ್ಸೆಂಟ್ ಟಿಡಿಎಸ್, ಅಂದರೆ ಕೊಡುವಾಗಲೇ ಕಡಿತ ಮಾಡುವ ತೆರಿಗೆ, ಹಿಡಿಯುತ್ತಾರೆ, ಪ್ಯಾನ್ ಕೊಟ್ಟಿಲ್ಲದಿದ್ದರೆ 20. ಹಿರಿಯ ನಾಗರಿಕರಿಗೆ ಆ ಮಿತಿ 1 ಲಕ್ಷ. ಟಿಡಿಎಸ್ ಹಿಡಿದಿಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ, ಬಡ್ಡಿಯೆಲ್ಲ ನಿಮ್ಮ ಆದಾಯಕ್ಕೆ ಸೇರಲೇಬೇಕು.

4. ತಾರೀಖೇ ಇಲ್ಲದ ರೊಕ್ಕ ಮಾತ್ರ ಷೇರಿಗೆ

ನಮ್ಮ ಲೆಕ್ಕದಲ್ಲಿ ಉಳಿದ ಆ 2 ಲಕ್ಷ ಈಗ ಬರುತ್ತದೆ. ಇದು ಮುಂದಿನ ಐದು ವರ್ಷ ಬೇಡ ಅನ್ನುವ ಧೈರ್ಯ ಇದ್ದರೆ ಇದರ ಒಂದು ಭಾಗ ಷೇರಿಗೆ ಹೋಗಬಹುದು.

*ಮೇ ತಿಂಗಳವರೆಗೆ 4.5 ಲಕ್ಷವನ್ನು ಷೇರಿನಲ್ಲಿ ತಿರುಗಿಸಿದರೆ ಏನಾಗುತ್ತದೆ? ಮಾರಿದ ಮರುದಿನವೇ ರೊಕ್ಕ ಬರುತ್ತದಲ್ಲ?*

ಬರುತ್ತದೆ, ಮಾರಿದ ಮುಂದಿನ ವ್ಯವಹಾರದ ದಿನ ಲೆಕ್ಕ ಮುಗಿಯುತ್ತದೆ. ರೊಕ್ಕ ಎಷ್ಟು ಬೇಗ ಬರುತ್ತದೆ ಅನ್ನುವುದು ತೊಂದರೆ ಅಲ್ಲ, ಎಷ್ಟು ಬರುತ್ತದೆ ಅನ್ನುವುದು ತೊಂದರೆ. 2020ರ ಫೆಬ್ರವರಿ ಮಧ್ಯಕ್ಕೆ ನಿಫ್ಟಿ ಸುಮಾರು 12,100ರಲ್ಲಿ ಇತ್ತು. ನಿಫ್ಟಿ ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಸೇರಿಸಿ ತೋರಿಸುವ ಅಳತೆ. ಕೊರೊನಾ ಬಂತು, ಮಾರ್ಚ್ 23ಕ್ಕೆ 7,600ರ ಹತ್ತಿರ ಬಿತ್ತು. ಮೇ ಮಧ್ಯಕ್ಕೆ ಸುಮಾರು 9,100. ಆ ವರ್ಷ ಫೆಬ್ರವರಿಯಲ್ಲಿ 4.5 ಲಕ್ಷ ಹಾಕಿದವರಿಗೆ ಮೇನಲ್ಲಿ ಸರಕು ತುಂಬಿಸಲು ಸಿಗುತ್ತಿದ್ದದ್ದು ಸುಮಾರು 3.4 ಲಕ್ಷ. ನವೆಂಬರ್ ಹೊತ್ತಿಗೆ ನಿಫ್ಟಿ ಹಳೇ ಮಟ್ಟಕ್ಕೆ ಬಂತು ನಿಜ. ಆದರೆ ಬೀಜ ಜೂನ್‌ನಲ್ಲಿ ಮಾರಬೇಕು.

2008ರ ಲೆಕ್ಕ ಇನ್ನೂ ಉದ್ದ. ಆ ಜನವರಿಯಲ್ಲಿ ನಿಫ್ಟಿಯಂಥದ್ದೇ ಇನ್ನೊಂದು ಅಳತೆಯಾದ ಸೆನ್ಸೆಕ್ಸ್ 21,000ದ ಹತ್ತಿರ ಇತ್ತು, ಅಕ್ಟೋಬರ್‌ಗೆ 8,000ದ ಆಸುಪಾಸಿಗೆ ಬಂತು, ಮತ್ತೆ 21,000 ಮುಟ್ಟಿದ್ದು 2010ರ ನವೆಂಬರ್‌ನಲ್ಲಿ. ಐದು ವರ್ಷ ಅಂತ ನಾನು ಹೇಳುವುದು ಇದಕ್ಕೇ.

*ಯಾವ ಷೇರು ತಗೊಳ್ಳಲಿ?*

ಮೊದಲ ಸಲ ಆದರೆ ಒಂದೊಂದು ಕಂಪನಿ ಹುಡುಕುವ ಬದಲು ನಿಫ್ಟಿ 50 ಇಂಡೆಕ್ಸ್ ಫಂಡ್ ಸಾಕು. ನಿಮ್ಮ ರೊಕ್ಕವನ್ನು ಆ 50 ಕಂಪನಿಗಳಿಗೂ ಅದೇ ಪ್ರಮಾಣದಲ್ಲಿ ಹಂಚುವ ಮ್ಯೂಚುವಲ್ ಫಂಡ್ ಅದು, ಖರ್ಚೂ ಕಮ್ಮಿ. ಗೊಬ್ಬರದ ಅಂಗಡಿಯವರಿಗೆ ಗೊಬ್ಬರದ ಕಂಪನಿಯ ಷೇರಿನ ಮೇಲೆ ಮೋಹ ಇರುತ್ತದೆ, "ಆ ಕಂಪನಿ ನನಗೆ ಗೊತ್ತು" ಅಂತ. ನನ್ನ ಮಟ್ಟಿಗೆ ಅದು ಸರಿಯಲ್ಲ. ಮಳೆ ಕೈಕೊಟ್ಟ ವರ್ಷ ಅಂಗಡಿಯ ವ್ಯಾಪಾರವೂ ಬೀಳುತ್ತದೆ, ಉದ್ರಿಯೂ ನಿಲ್ಲುತ್ತದೆ, ಆ ಷೇರೂ ಅದೇ ಹೊತ್ತಿಗೆ ಬೀಳಬಹುದು.

2 ಲಕ್ಷ ಒಟ್ಟಿಗೆ ಹಾಕಬೇಡಿ. ನಾನಾದರೆ 1 ಲಕ್ಷ ಒಂದು ವರ್ಷದ ಎಫ್‌ಡಿ, ಇನ್ನೊಂದು ಲಕ್ಷ ಫಂಡಿಗೆ ತಿಂಗಳಿಗೆ 10 ಸಾವಿರದಂತೆ. ನಡುವೆ ಮಳೆ ಬರಲಿಲ್ಲ ಅಂದರೆ ನಿಲ್ಲಿಸಬಹುದು.

ತೆರಿಗೆ: ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20 ಪರ್ಸೆಂಟ್. ವರ್ಷ ದಾಟಿದರೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5. ನಷ್ಟ ಆದರೆ ರಿಟರ್ನ್ ಸಮಯಕ್ಕೆ ಸರಿಯಾಗಿ ಹಾಕಿದ್ದರೆ ಎಂಟು ವರ್ಷ ಮುಂದೆ ಎಳೆದುಕೊಂಡು ಹೋಗಿ ಮುಂದಿನ ಲಾಭದಲ್ಲಿ ಕಳೆಯಬಹುದು. ಈ ಕೊನೆಯ ಮಾತು ನೆನಪಿಡಿ, ಕ್ರಿಪ್ಟೊಗೆ ಬಂದಾಗ ಬೇಕು.

ಎಚ್ಚರಿಕೆ: ಆಪ್ಷನ್ ಟ್ರೇಡಿಂಗ್ ಷೇರು ಹೂಡಿಕೆ ಅಲ್ಲ. ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಕೆಲವೇ ದಿನಕ್ಕೆ ಕಟ್ಟುವ ಪಂದ್ಯ ಅದು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳನ್ನು ನೋಡಿದ ಷೇರು ಮಾರ್ಕೆಟ್ಟಿನ ನಿಯಂತ್ರಕ ಸೆಬಿ, ಇದರಲ್ಲಿ ಮತ್ತು ಇದರ ಜೊತೆಯ ಫ್ಯೂಚರ್ಸ್ ವ್ಯಾಪಾರದಲ್ಲಿ ಆಡಿದ ನೂರು ಜನಸಾಮಾನ್ಯರಲ್ಲಿ 93 ಜನ ಕಳೆದುಕೊಂಡಿದ್ದಾರೆ ಎಂದು ಹೇಳಿದೆ. ಟೆಲಿಗ್ರಾಂನಲ್ಲಿ ಟಿಪ್ಸ್ ಕೊಡುವವರು ಈ ಲೆಕ್ಕ ಹಾಕುವುದಿಲ್ಲ.

5. ಕ್ರಿಪ್ಟೊ: ಹೋದರೂ ಅಂಗಡಿ ನಡೆಯುವಷ್ಟು ಮಾತ್ರ

ಕ್ರಿಪ್ಟೊ ಕೊಳ್ಳುವುದು ಕಾನೂನುಬಾಹಿರ ಅಲ್ಲ. ಆದರೆ ಅದು ನಮ್ಮಲ್ಲಿ ಚಲಾವಣೆಯ ಹಣವೂ ಅಲ್ಲ, ಅದಕ್ಕೆ ಠೇವಣಿ ವಿಮೆಯೂ ಇಲ್ಲ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ 69,000 ಡಾಲರ್ ಹತ್ತಿರ ಹೋಯಿತು, ಮುಂದಿನ ನವೆಂಬರ್‌ಗೆ 16,000ದ ಆಸುಪಾಸಿಗೆ ಬಂತು. ಮುಕ್ಕಾಲಿಗಿಂತ ಜಾಸ್ತಿ ಹೋಯಿತು. ಹಳೇ ಮಟ್ಟ ದಾಟಿದ್ದು 2024ರ ಮಾರ್ಚ್‌ನಲ್ಲಿ. ಅದಕ್ಕೆ ಕಾಯಲು ಸಾಧ್ಯ ಇದ್ದವರು ಗೆದ್ದರು, ನಡುವೆ ಸರಕಿಗೆ ರೊಕ್ಕ ಬೇಕಾದವರು ಸೋತರು.

ಬೆಲೆ ಏರಿಳಿತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರುವುದು ತೆರಿಗೆ. ಒಂದು ಲೆಕ್ಕ ನೋಡಿ. ಎರಡು ಕಾಯಿನ್ ತಲಾ 50,000ಕ್ಕೆ ಕೊಂಡಿರಿ. ಒಂದನ್ನು 70,000ಕ್ಕೆ ಮಾರಿದಿರಿ, ಇನ್ನೊಂದನ್ನು 30,000ಕ್ಕೆ. ಕೈಗೆ ಬಂದದ್ದು ಹಾಕಿದಷ್ಟೇ, 1 ಲಕ್ಷ. ಲಾಭ ಸೊನ್ನೆ. ಆದರೂ ಗೆದ್ದ 20,000ದ ಮೇಲೆ 30 ಪರ್ಸೆಂಟ್ ತೆರಿಗೆ, ಸೆಸ್ ಸೇರಿ 6,240 ರೂಪಾಯಿ ಕಟ್ಟಬೇಕು. ಸೋತ 20,000ವನ್ನು ಅದರಲ್ಲಿ ಕಳೆಯುವ ಹಾಗಿಲ್ಲ, ಅಂಗಡಿ ಲಾಭದಲ್ಲೂ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ. ಮಾರುವಾಗ 1 ಪರ್ಸೆಂಟ್ ಟಿಡಿಎಸ್ ಬೇರೆ ಹಿಡಿಯುತ್ತಾರೆ, ಅದು ಮಾತ್ರ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಎಕ್ಸ್‌ಚೇಂಜ್ ಅಂದರೆ ಕ್ರಿಪ್ಟೊ ಕೊಂಡು ಮಾರುವ ಆ್ಯಪ್, ಅದೇ ಕೈಕೊಟ್ಟರೆ? 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಜನರು ತಮ್ಮ ಕಾಯಿನ್ ಹಿಂದೆ ಪಡೆಯಲು ಒಂದು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು.

*ಪರಿಚಯದವರು ಪಿಟುಪಿಯಲ್ಲಿ ಒಳ್ಳೆ ರೇಟ್ ಸಿಗುತ್ತದೆ ಅಂತಾರೆ, ಮಾಡಲಾ?*

ಬೇಡ. ಅಂಗಡಿಯವರು ಇದನ್ನಂತೂ ಮಾಡಲೇಬಾರದು. ಪಿಟುಪಿ ಅಂದರೆ ಆ್ಯಪ್‌ಗೆ ಮಾರದೆ ನೇರವಾಗಿ ಒಬ್ಬ ಅಪರಿಚಿತನಿಗೆ ಮಾರುವುದು. ಹೆಚ್ಚಾಗಿ ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕಾಯಿನ್. ಮಾರ್ಕೆಟ್ ರೇಟಿಗಿಂತ ಎರಡು ಮೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಅನ್ನುತ್ತಾನೆ, ನಿಮ್ಮ ಖಾತೆಗೆ ರೊಕ್ಕ ಬರುತ್ತದೆ, ನೀವು ಕಾಯಿನ್ ಕಳಿಸುತ್ತೀರಿ, ಎಲ್ಲಾ ಸರಿ ಕಾಣುತ್ತದೆ. ಕೆಲ ದಿನ ಬಿಟ್ಟು ಖಾತೆ ಬಂದ್. ಏಕೆಂದರೆ ಆ ರೊಕ್ಕ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತೆಗೆದದ್ದು, ಅವರು ದೂರು ಕೊಟ್ಟಿದ್ದಾರೆ, ಪೊಲೀಸರು ಆ ರೊಕ್ಕ ಹೋದ ದಾರಿ ಹಿಡಿದು ಬಂದಾಗ ಕೊನೆಗೆ ನಿಮ್ಮ ಖಾತೆ ಸಿಕ್ಕಿದೆ.

ಪಗಾರದ ಮೇಲೆ ಬದುಕುವವರಿಗೆ ಖಾತೆ ಬಂದ್ ಆದರೆ ತೊಂದರೆ. ಅಂಗಡಿಯವರಿಗೆ ಕರೆಂಟ್ ಖಾತೆ ಬಂದ್ ಆದರೆ ಅಂಗಡಿಯೇ ಬಂದ್. ಕ್ಯೂಆರ್‌ಗೆ ಬಂದ ರೊಕ್ಕ ತೆಗೆಯಲು ಆಗುವುದಿಲ್ಲ, ಸಪ್ಲೈಯರ್‌ಗೆ ಕೊಟ್ಟ ಚೆಕ್ ವಾಪಸ್ ಬರುತ್ತದೆ, ಜಿಎಸ್‌ಟಿ ಕಟ್ಟಲು ಆಗುವುದಿಲ್ಲ. ದೂರು ದಾಖಲಾದ ಠಾಣೆ ಎಲ್ಲೋ ದೂರದಲ್ಲಿರುತ್ತದೆ. ಅಲ್ಲಿಗೆ ಪತ್ರ ಬರೆದು, ದಾಖಲೆ ಕೊಟ್ಟು ಬಿಡಿಸಿಕೊಳ್ಳಬೇಕು.

ಹಾಗಾಗಿ ಕ್ರಿಪ್ಟೊ ಆಸೆ ಇದ್ದೇ ಇದ್ದರೆ ಹೀಗೆ ಮಾಡಿ. ಸರ್ಕಾರದ ಎಫ್‌ಐಯುನಲ್ಲಿ, ಅಂದರೆ ಹಣಕಾಸು ಗುಪ್ತಚರ ಘಟಕದಲ್ಲಿ, ನೋಂದಾಯಿಸಿದ ಎಕ್ಸ್‌ಚೇಂಜ್ ಮಾತ್ರ ಬಳಸಿ. ಅಂಗಡಿಯ ಕರೆಂಟ್ ಖಾತೆ ಜೋಡಿಸಬೇಡಿ, ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆದು ಅದರಿಂದ ಮಾತ್ರ. ಮೊತ್ತ? ನಮ್ಮ ಉದಾಹರಣೆಯ 2 ಲಕ್ಷದಲ್ಲಿ 10 ಸಾವಿರ, ಅದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ. ಸೊನ್ನೆ ಆದರೂ ನಡೆಯುತ್ತದೆ.

ವಾಟ್ಸಾಪ್ ಗುಂಪಿಗೆ ಸೇರಿಸಿ, ಆ್ಯಪ್‌ನಲ್ಲಿ ಲಾಭ ತೋರಿಸಿ, ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ" ಅಂದರೆ ಅದು ಮೋಸ. ತೆರಿಗೆ ಕಟ್ಟುವುದು ಸರ್ಕಾರಕ್ಕೆ, ಆ್ಯಪ್‌ನವರ ಖಾತೆಗಲ್ಲ. ಹಾಗೇನಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ ಅಥವಾ cybercrime.gov.in ನಲ್ಲಿ ದೂರು ಕೊಡಿ. ಮೊದಲ ಕೆಲವು ಗಂಟೆಯೊಳಗೆ ಹೇಳಿದರೆ ರೊಕ್ಕ ತಡೆಯುವ ಅವಕಾಶ ಜಾಸ್ತಿ.

6. ಯಾರ ಹೆಸರಿನಲ್ಲಿ, ಯಾವ ಫಾರಂನಲ್ಲಿ

ಒಬ್ಬರೇ ಮಾಲೀಕರಾದರೆ ಷೇರು ಇಡುವ ಡಿಮ್ಯಾಟ್ ಖಾತೆ ನಿಮ್ಮ ಸ್ವಂತ ಹೆಸರಿನಲ್ಲೇ ಆಗುತ್ತದೆ, ಅಂಗಡಿ ಹೆಸರಿನಲ್ಲಿ ಅಲ್ಲ. ಕರೆಂಟ್ ಖಾತೆಯಿಂದ ಮೊದಲು ನಿಮ್ಮ ಉಳಿತಾಯ ಖಾತೆಗೆ ಹಾಕಿಕೊಳ್ಳಿ, ಅಂಗಡಿ ಲೆಕ್ಕದಲ್ಲಿ ಅದನ್ನು ಸ್ವಂತಕ್ಕೆ ತೆಗೆದದ್ದು ಎಂದು ಬರೆಯಿರಿ, ಆಮೇಲೆ ಅಲ್ಲಿಂದ ಹೂಡಿ. ಪಾಲುದಾರರಿದ್ದರೆ ಆ ರೊಕ್ಕ ನಿಮ್ಮೊಬ್ಬರದ್ದಲ್ಲ. ತೆಗೆಯುವ ಮೊದಲು ಎಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

*ರಿಟರ್ನ್ ಹಾಕುವುದಕ್ಕೆ ಏನಾದರೂ ಬದಲಾಗುತ್ತದಾ?*

ಬದಲಾಗುತ್ತದೆ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರು ಐಟಿಆರ್-4, ಅಂದರೆ ಸುಗಮ್ ಫಾರಂ ಹಾಕುತ್ತಾರೆ. ಎಫ್‌ಡಿ ಬಡ್ಡಿ ಅದರಲ್ಲೇ ಹಿಡಿಸುತ್ತದೆ. ಆದರೆ ಆ ವರ್ಷ ಕ್ರಿಪ್ಟೊ ಮಾರಿದ್ದರೆ, ಅಥವಾ ಷೇರನ್ನು ವರ್ಷದೊಳಗೆ ಮಾರಿ ಲಾಭ ಮಾಡಿದ್ದರೆ, ಸುಗಮ್ ನಡೆಯುವುದಿಲ್ಲ. ಐಟಿಆರ್-3 ಹಾಕಬೇಕು, ಅದು ದೊಡ್ಡ ಫಾರಂ, ಆಡಿಟರ್ ಫೀಸೂ ಜಾಸ್ತಿ ಆಗಬಹುದು. 10 ಸಾವಿರದ ಕ್ರಿಪ್ಟೊದಲ್ಲಿ 800 ರೂಪಾಯಿ ಗಳಿಸಿ ಅದಕ್ಕಿಂತ ಜಾಸ್ತಿ ಫೀಸ್ ಕೊಡುವ ಪರಿಸ್ಥಿತಿ ಬರುವುದು ಹೀಗೇ. ಮಾರುವ ಮೊದಲು, ಮಾರ್ಚ್ ಮುಗಿಯುವುದರೊಳಗೆ ಆಡಿಟರ್‌ಗೆ ಒಂದು ಮಾತು ಕೇಳಿ. ಜುಲೈನಲ್ಲಿ ಹೋಗಿ ಹೇಳಿದರೆ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ.